ದೂರು ವಿಮರ್ಶೆಯಾಗುವ ಬಗೆ

ಗ್ರಾಹಕರು ಬೇಸರದಲ್ಲಿ ಬರೆದ ಉದ್ದನೆಯ ಅನುಭವವನ್ನು ಎಲ್ಲರೂ ಓದುವ ವಿಮರ್ಶೆಯಾಗಿ ತಿದ್ದುವಾಗ, ಯಾವ ದೂರು ಯಾರಿಗೆ ಸೇರಿದ್ದು ಎಂಬುದನ್ನು ಮೊದಲು ಬಿಡಿಸಿಕೊಳ್ಳಬೇಕು. ಆನ್‌ಲೈನ್‌ನಲ್ಲಿ ಕೊಂಡ 750 ವ್ಯಾಟ್‌ನ ಮಿಕ್ಸಿಯೊಂದರ ಬಗ್ಗೆ ಇಂಥ ಬರಹವಿದೆ ಎಂದುಕೊಳ್ಳೋಣ. ಪೆಟ್ಟಿಗೆ ತಡವಾಗಿ ಬಂತು, ಮೂಲೆ ಜಜ್ಜಿತ್ತು, ಉದ್ದಿನಬೇಳೆ ರುಬ್ಬುವಾಗ ಎರಡು ಸಲ ನಿಂತುಹೋಯಿತು, ಎರಡೇ ತಿಂಗಳಿಗೆ ದೊಡ್ಡ ಜಾರು ಸೋರತೊಡಗಿತು, 'ಕಂಪನಿಯವರೆಲ್ಲ ಮೋಸಗಾರರು'. ನಡುವೆಲ್ಲೋ ಒಂದು ಸಾಲು: ಚಟ್ನಿ ಮಾತ್ರ ನುಣ್ಣಗೆ ಬರುತ್ತದೆ.

ತಡವಾದದ್ದು, ಪೆಟ್ಟಿಗೆ ಜಜ್ಜಿದ್ದು ಸಾಗಣೆಯ ಲೋಪ. ಅದಕ್ಕಾಗಿ ಮಿಕ್ಸಿಯ ನಕ್ಷತ್ರ ಕಡಿಮೆ ಮಾಡಿದರೆ ಓದುವವರಿಗೆ ತಪ್ಪು ಲೆಕ್ಕ ಸಿಗುತ್ತದೆ.

ಮಿಕ್ಸಿ ನಿಂತುಹೋದ ವಿಷಯಕ್ಕೆ ಹೆಚ್ಚು ಗಮನ ಬೇಕು. ಹೊರೆ ಹೆಚ್ಚಾದಾಗ ಮೋಟಾರು ಸುಡದಿರಲೆಂದು ವಿದ್ಯುತ್ ಕಡಿಯುವ ಸ್ವಿಚ್ ಅನೇಕ ಮಿಕ್ಸಿಗಳಲ್ಲಿರುತ್ತದೆ; ಸ್ವಲ್ಪ ಹೊತ್ತು ಆರಲು ಬಿಟ್ಟು ತಳದ ಗುಂಡಿ ಒತ್ತಿದರೆ ಮತ್ತೆ ಓಡುತ್ತದೆ. ಜಾರಿನ ತುಂಬ ಬೇಳೆ ಹಾಕಿ, ನೀರು ಸಾಲದೆ ರುಬ್ಬಿದ್ದರೆ ಅದು ದೋಷವಲ್ಲ, ರಕ್ಷಣೆ. ಅರ್ಧ ಜಾರು ಹಾಕಿ, ಸಾಕಷ್ಟು ನೀರು ಬಿಟ್ಟರೂ ನಿಂತರೆ ಮಾತ್ರ ಅದು ದೂರಾಗುತ್ತದೆ. ಆದ್ದರಿಂದ ವಿಮರ್ಶೆಯಲ್ಲಿ 'ನಿಂತಿತು' ಎಂದಷ್ಟೇ ಬರೆದರೆ ಸಾಲದು, ಎಷ್ಟು ಬೇಳೆಗೆ ನಿಂತಿತು ಎಂದೂ ಹೇಳಬೇಕು.

ಸೋರಿಕೆಯನ್ನು ಪರೀಕ್ಷಿಸುವುದು ಸುಲಭ. ಜಾರಿಗೆ ಅರ್ಧ ನೀರು ತುಂಬಿ, ಒಣ ಪತ್ರಿಕೆಯ ಮೇಲೆ ಹತ್ತು ನಿಮಿಷ ಇಟ್ಟರಾಯಿತು. ಕಾಗದ ಒದ್ದೆಯಾದರೆ ನೀರು ತಳದಿಂದಲೇ ಇಳಿಯುತ್ತಿದೆ. ಸಾಮಾನ್ಯವಾಗಿ ಬ್ಲೇಡಿನ ಕಡೆಯ ಬುಷ್ ಅಥವಾ ವಾಷರ್ ಸವೆದಿರುತ್ತದೆ. ಕಾಗದ ಒಣಗಿಯೇ ಇದ್ದು, ಓಡಿಸುವಾಗ ಮಾತ್ರ ಚೆಲ್ಲಿದರೆ ಮುಚ್ಚಳವನ್ನೂ ತುಂಬಿದ ಅಳತೆಯನ್ನೂ ನೋಡಬೇಕು. ಈ ಮಿಕ್ಸಿಯಲ್ಲಿ ತಳವೇ ಸೋರಿದೆಯೆಂದಾದರೆ, ಎರಡು ತಿಂಗಳಿಗೆ ಅದು ನಿಜವಾದ ದೋಷ. ಸಮತೋಲನದ ಹೆಸರಿನಲ್ಲಿ ಅದನ್ನು ಮೆತ್ತಗೆ ಮಾಡಬಾರದು.

'ಮೋಸಗಾರರು' ಎಂಬುದು ಉದ್ದೇಶದ ಮೇಲಿನ ಆರೋಪ. ಸೋರುವ ಜಾರಿನಿಂದ ಅದು ಸಾಬೀತಾಗುವುದಿಲ್ಲ, ಹಾಗಾಗಿ ಬಿಡಬೇಕು. ರಿಪೇರಿಯವರ ಹೆಸರು, ಫೋನ್ ನಂಬರ್, ಆರ್ಡರ್ ಸಂಖ್ಯೆಯನ್ನೂ ತೆಗೆಯಬೇಕು. ಆನ್‌ಲೈನ್ ವಿಮರ್ಶೆಗಳಿಗೆಂದು ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಹೊರತಂದ ಐಎಸ್ 19000 ಮಾನಕದಲ್ಲೂ ಖಾಸಗಿತನ ಒಂದು ತತ್ವ.

ಕೊನೆಗೆ ಉಳಿಯುವುದು ಇಷ್ಟು: "ಎರಡು ತಿಂಗಳು ದಿನವೂ ಬಳಸಿದ್ದೇವೆ. ಚಿಕ್ಕ ಜಾರಿನಲ್ಲಿ ಚಟ್ನಿ ನುಣ್ಣಗೆ ಬರುತ್ತದೆ. ದೊಡ್ಡ ಜಾರು ತುಂಬ ಉದ್ದಿನಬೇಳೆ ಹಾಕಿದಾಗ ಎರಡು ಸಲ ನಿಂತಿತು. ಅರ್ಧ ಹಾಕಿದರೆ ತೊಂದರೆಯಿಲ್ಲ. ಅದೇ ಜಾರಿನ ತಳ ಈಗ ಸೋರುತ್ತಿದೆ, ವಾರಂಟಿಯಲ್ಲಿ ದೂರು ಕೊಟ್ಟಿದ್ದೇವೆ. ಪೆಟ್ಟಿಗೆ ತಡವಾಗಿ, ಜಜ್ಜಿ ಬಂತು. ಅದನ್ನು ಅಂಕಕ್ಕೆ ಸೇರಿಸಿಲ್ಲ."

ಜಾರು ರಿಪೇರಿಯಾಗಿ ಬಂದ ಮೇಲೆ ಹಳೆಯ ಮಾತನ್ನು ಅಳಿಸದೆ, ದಿನಾಂಕದೊಂದಿಗೆ ಕೆಳಗೆ ಒಂದು ಸಾಲು ಸೇರಿಸಬೇಕು: ಎಷ್ಟು ದಿನ ಹಿಡಿಯಿತು, ದುಡ್ಡು ಕೇಳಿದರೇ, ಸೋರಿಕೆ ನಿಂತಿತೇ.