ಒಪ್ಪಿಗೆಗೆ ಮೊದಲು ಒಂದು ಇಮೇಲ್

ಬೆಂಗಳೂರಿನ ಕಂಪನಿಯೊಂದು ವರ್ಷಕ್ಕೆ 6 ಲಕ್ಷ ಸಿಟಿಸಿ ಎಂದು ಆಫರ್ ಲೆಟರ್ ಕಳಿಸಿದೆ ಎಂದುಕೊಳ್ಳೋಣ. ಹನ್ನೆರಡರಿಂದ ಭಾಗಿಸಿ 50,000 ಕೈಗೆ ಬರುತ್ತದೆಂದು ಮನೆಯಲ್ಲಿ ಹೇಳಿಬಿಡುವವರೇ ಹೆಚ್ಚು. ಮೂಲ ವೇತನ 25,000 ಇದ್ದು, ಅದರ ಮೇಲೆ ಪೂರ್ತಿ ಪಿಎಫ್ ಲೆಕ್ಕ ಹಾಕಿದರೆ, ಕಂಪನಿಯ ಪಾಲು 3,000 ಸಿಟಿಸಿಯೊಳಗೇ ಅಡಗಿರುತ್ತದೆ. ಗ್ರಾಚ್ಯುಟಿಯದು ಸುಮಾರು 1,200. ವರ್ಷಾಂತ್ಯದ ವೇರಿಯಬಲ್ 60,000 ಇದ್ದರೆ ಅದೂ ತಿಂಗಳ ಸಂಬಳದಲ್ಲಿ ಬರದು. ನೌಕರನ ಪಾಲಿನ ಪಿಎಫ್, ವೃತ್ತಿ ತೆರಿಗೆ ಕಳೆದು ಉಳಿಯುವುದು ಸುಮಾರು 37,600.

ಆದ್ದರಿಂದ ಮೊದಲ ಉತ್ತರ ಪ್ರಶ್ನೆಯಾಗಿರಲಿ: ‘ತಿಂಗಳಿಗೆ ಕೈಗೆ ಬರುವ ಮೊತ್ತ ಎಷ್ಟು? ವೇರಿಯಬಲ್ ಯಾವಾಗ, ಯಾವ ಆಧಾರದಲ್ಲಿ?’ ಸಂದರ್ಶನದಲ್ಲಿ ಹೇಳಿದ ಹುದ್ದೆ ಪತ್ರದಲ್ಲಿಲ್ಲದಿದ್ದರೆ ಅದನ್ನೂ ಆಗಲೇ ಕೇಳಬೇಕು.

ಸೇರುವ ದಿನಾಂಕದ ಮಾತೂ ಇಲ್ಲಿಯೇ. 1872ರ ಭಾರತೀಯ ಕರಾರು ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ಒಪ್ಪಿಗೆ ಷರತ್ತಿಲ್ಲದೆ ಪೂರ್ಣವಾಗಿರಬೇಕು. ‘ಒಪ್ಪಿದ್ದೇನೆ, ಆದರೆ ತಿಂಗಳು ತಡವಾಗಿ ಸೇರುತ್ತೇನೆ’ ಎಂದರೆ ಅದು ಒಪ್ಪಿಗೆಯಲ್ಲ, ಮರುಪ್ರಸ್ತಾವ. ಹಳೆಯ ಕಡೆ 60 ದಿನದ ನೋಟಿಸ್ ಇದ್ದವರು ಹೊಸ ದಿನಾಂಕವನ್ನು ಬರಹದಲ್ಲಿ ಪಡೆದ ಮೇಲೆಯೇ, ‘ಈ ಹುದ್ದೆ, ಈ ವೇತನ, ಈ ದಿನಾಂಕಕ್ಕೆ ಒಪ್ಪಿದ್ದೇನೆ’ ಎಂದು ಅದೇ ಇಮೇಲ್‌ಗೆ ಉತ್ತರಿಸಬೇಕು. ರಾಜೀನಾಮೆ ಅದರ ನಂತರ.