ಪರವಲಯಕ್ಕೆ ದಕ್ಕಿದ ಘನ

y = x³ ಎಂಬ ರೇಖೆಯ ಕೆಳಗೆ, x ಸೊನ್ನೆಯಿಂದ 2ರವರೆಗೆ ಹೋಗುವಾಗ, ಎಷ್ಟು ವಿಸ್ತೀರ್ಣವಿದೆ? ಅನುಕಲನ ಬಲ್ಲವರು ಬಾಯಲ್ಲೇ 4 ಎನ್ನುತ್ತಾರೆ. ಅದೇ ಪ್ರಶ್ನೆಯನ್ನು ಸಿಂಪ್ಸನ್ ನಿಯಮಕ್ಕೆ ಒಪ್ಪಿಸೋಣ. ಅದು ಕೇಳುವುದು ಮೂರೇ ಎತ್ತರ: ಎರಡು ತುದಿಯವು, ನಟ್ಟನಡುವಿನದೊಂದು. ತುದಿಗಳ ಎತ್ತರಕ್ಕೆ ನಡುವಿನ ಎತ್ತರದ ನಾಲ್ಕರಷ್ಟನ್ನು ಕೂಡಿಸಿ, ಒಟ್ಟು ಅಗಲದಿಂದ ಗುಣಿಸಿ, ಆರರಿಂದ ಭಾಗಿಸಬೇಕು. ಇಲ್ಲಿ ಎತ್ತರಗಳು 0, 1, 8. ಲೆಕ್ಕ (2/6) × (0 + 4 + 8), ಅಂದರೆ 4. ಒಂದಿಷ್ಟೂ ಹೆಚ್ಚು ಕಡಿಮೆ ಇಲ್ಲ.

ಉತ್ತರ ಸರಿ ಬಂದದ್ದೇ ಇಲ್ಲಿ ಸೋಜಿಗ. ಏಕೆಂದರೆ ಈ ನಿಯಮ ನಮ್ಮ ರೇಖೆಯನ್ನು ಅಳೆಯುವುದೇ ಇಲ್ಲ. ಆ ಮೂರು ಬಿಂದುಗಳ ಮೂಲಕ ಒಂದು ಪರವಲಯವನ್ನು ಹಾಯಿಸಿ, ಅದರ ಕೆಳಗಿನ ವಿಸ್ತೀರ್ಣವನ್ನು ಕೊಡುತ್ತದೆ, ಅಷ್ಟೆ. ಪರವಲಯವೆಂದರೆ x²ರವರೆಗೆ ಮಾತ್ರ ಹೋಗುವ ವರ್ಗ ಬಹುಪದೋಕ್ತಿ. ಎರಡನೇ ಘಾತದ ರೇಖೆ ಮೂರನೇ ಘಾತದ ರೇಖೆಯನ್ನು ಅನುಸರಿಸಲಾರದು. ಇಷ್ಟಾಗಿಯೂ ವಿಸ್ತೀರ್ಣ ತಪ್ಪುವುದಿಲ್ಲ.

(0,0), (1,1), (2,8) ಈ ಮೂರರ ಮೂಲಕ ಹಾಯುವ ಪರವಲಯ 3x² − 2x. ಇದನ್ನೂ x³ ಅನ್ನೂ ಅಕ್ಕಪಕ್ಕ ಇಟ್ಟು ನೋಡಿ. x = 0.5 ಆದಾಗ x³ನ ಬೆಲೆ 0.125, ಪರವಲಯದ್ದು −0.25. ಪರವಲಯ 0.375ರಷ್ಟು ಕೆಳಗಿದೆ. x = 1.5ಕ್ಕೆ ಬನ್ನಿ: x³ 3.375, ಪರವಲಯ 3.75. ಈಗ ಪರವಲಯವೇ ಮೇಲಿದೆ, ಅದೂ ಸರಿಯಾಗಿ 0.375ರಷ್ಟು. ಎಡ ಅರ್ಧದಲ್ಲಿ ಪರವಲಯ ಕಾಲು ಚದರ ಮಾನ ಕಡಿಮೆ ಅಳೆಯಿತು, ಬಲ ಅರ್ಧದಲ್ಲಿ ಕಾಲು ಚದರ ಮಾನ ಹೆಚ್ಚು ಅಳೆಯಿತು. ಜಮೆಗೂ ಖರ್ಚಿಗೂ ಸರಿಹೋಯಿತು.

ಇದು x³ ಒಂದರ ಅದೃಷ್ಟವಲ್ಲ. ಯಾವ ಘನ ಬಹುಪದೋಕ್ತಿಯನ್ನೇ ತೆಗೆದುಕೊಳ್ಳಿ, ಅದಕ್ಕೂ ಅದರ ಪರವಲಯಕ್ಕೂ ಇರುವ ವ್ಯತ್ಯಾಸ ಮೂರು ಬಿಂದುಗಳಲ್ಲಿ ಸೊನ್ನೆಯಾಗಲೇಬೇಕು. ತುದಿಗಳನ್ನು a, b ಎಂದೂ ನಡುವನ್ನು m ಎಂದೂ ಕರೆದರೆ, ಆ ವ್ಯತ್ಯಾಸಕ್ಕೆ ಉಳಿಯುವ ರೂಪ ಒಂದೇ: c(x − a)(x − m)(x − b). c ಎಂಬುದು ಯಾವುದೋ ಒಂದು ಸ್ಥಿರಸಂಖ್ಯೆ. m ನಟ್ಟನಡುವೆ ಇರುವುದರಿಂದ, ಅಲ್ಲಿಂದ ಎಡಕ್ಕೆ ಎಷ್ಟು ದೂರ ಹೋದರೂ ಸಿಗುವ ಬೆಲೆ, ಬಲಕ್ಕೆ ಅಷ್ಟೇ ದೂರದಲ್ಲಿ ಚಿಹ್ನೆ ಬದಲಿಸಿಕೊಂಡು ಸಿಗುತ್ತದೆ. ಒಟ್ಟು ವಿಸ್ತೀರ್ಣ ಸೊನ್ನೆ. ಹಾಗಾಗಿ ಎಲ್ಲವೂ ನಿಂತಿರುವುದು ನಡುಬಿಂದುವಿನ ಮೇಲೆ. ಅದನ್ನು 1ರಿಂದ ಸರಿಸಿ 0.5ರಲ್ಲಿಟ್ಟು, x³ಗೆ ಬೇರೆ ಪರವಲಯ ಹಾಯಿಸಿ ಅಳೆದರೆ 4ರ ಬದಲು 4.667 ಬರುತ್ತದೆ. ಆಗಲೂ ಬಿಂದುಗಳು ಮೂರೇ, ಪರವಲಯವೂ ಇದೆ. ಆದರೆ ಎಡಬಲಗಳ ಸಮತೋಲ ಹೋಯಿತು.

ಥಾಮಸ್ ಸಿಂಪ್ಸನ್ 18ನೇ ಶತಮಾನದ ಇಂಗ್ಲೆಂಡಿನವನು, ನೇಕಾರರ ಮನೆಯಲ್ಲಿ ಹುಟ್ಟಿ ಸ್ವಂತ ಓದಿನಿಂದ ಗಣಿತಜ್ಞನಾದವನು. ನಿಯಮ ಮಾತ್ರ ಅವನಿಗಿಂತ ಹಳೆಯದು. ಮದ್ಯದ ಪೀಪಾಯಿಗಳ ಗಾತ್ರದ ಬಗ್ಗೆ 1615ರಲ್ಲಿ ಪುಸ್ತಕ ಬರೆದ ಕೆಪ್ಲರ್‌ನ ಹೆಸರಿನಲ್ಲೇ ಜರ್ಮನ್ನರು ಇದನ್ನು ಪೀಪಾಯಿ ನಿಯಮ ಎನ್ನುತ್ತಾರೆ. ಹೆಸರು ಯಾರದೇ ಇರಲಿ, ನಮ್ಮ ಇಂಜಿನಿಯರಿಂಗ್ ತರಗತಿಗಳಲ್ಲಿ ಇದನ್ನು 'ಒನ್ ಥರ್ಡ್ ರೂಲ್' ಎಂದು ಬಾಯಿಪಾಠ ಮಾಡಿದವರಿಗೆ ದೋಷದ ಸೂತ್ರವೂ ನೆನಪಿರಬಹುದು:

−(h⁵/90) f⁗(ξ)

h ಎಂದರೆ ಅಗಲದ ಅರ್ಧ. f⁗ ಎಂದರೆ f ಅನ್ನು ನಾಲ್ಕು ಬಾರಿ ಅವಕಲಿಸಿದಾಗ ಬರುವುದು. ξ ಎಂಬುದು a ಮತ್ತು bಗಳ ನಡುವೆ ಎಲ್ಲೋ ಇರುವ ಒಂದು ಬಿಂದು. ಪರವಲಯ ಹಾಯಿಸಿದ ಮೇಲೆ ದೋಷದಲ್ಲಿ ಮೂರನೇ ಅವಕಲನ ಇರಬೇಕಿತ್ತಲ್ಲ, ನಾಲ್ಕನೆಯದು ಎಲ್ಲಿಂದ ಬಂತು?

ಉತ್ತರ ಮೇಲಿನ cಯಲ್ಲೇ ಇದೆ. c(x − a)(x − m)(x − b)ಯ ವಿಸ್ತೀರ್ಣ ಸೊನ್ನೆಯಾದ್ದರಿಂದ ಅದನ್ನು ಪರವಲಯಕ್ಕೆ ಎಷ್ಟು ಬೇಕಾದರೂ ಸೇರಿಸಬಹುದು, ಸಿಂಪ್ಸನ್ ಕೊಡುವ ಉತ್ತರ ಕದಲುವುದಿಲ್ಲ. ಹಾಗಿದ್ದರೆ ನಮಗೆ ಅನುಕೂಲವಾದ cಯನ್ನೇ ಆರಿಸೋಣ: ನಡುಬಿಂದುವಿನಲ್ಲಿ ರೇಖೆಯ ಇಳಿಜಾರು ಕೂಡ f ಜೊತೆ ಹೊಂದುವಂಥದ್ದು. ಈಗ ನಮ್ಮ ಕೈಯಲ್ಲಿರುವುದು ಘನ ಬಹುಪದೋಕ್ತಿ. ಇಳಿಜಾರನ್ನು ನಾವು ಅಳೆದೇ ಇಲ್ಲ, ಆದರೂ ಅದನ್ನು ಅಳೆದಿದ್ದರೆ ಬರುತ್ತಿದ್ದ ಉತ್ತರವೇ ಬಂದಿದೆ. ನಡುವಿನ ಒಂದೇ ಬಿಂದು ಎರಡು ಬಿಂದುಗಳ ಕೆಲಸ ಮಾಡಿತು. ಇನ್ನು f ಮತ್ತು ಈ ಘನದ ನಡುವೆ ಉಳಿಯುವ ಅಂತರದಲ್ಲಿ (x − a)(x − m)²(x − b) ಇರುತ್ತದೆ. ವರ್ಗವಾದ ಭಾಗ ಚಿಹ್ನೆ ಬದಲಿಸದು, ಆದ್ದರಿಂದ ಎಡಬಲಗಳು ಇನ್ನು ಒಂದನ್ನೊಂದು ಹೊಡೆದುಹಾಕಲಾರವು. ಉಳಿದದ್ದೇ ದೋಷ. ಅದರಲ್ಲಿ ನಾಲ್ಕು ಅಪವರ್ತನಗಳು, ಒಂದೊಂದೂ h ಅಳತೆಯವು. ಅಗಲದ ಮೇಲೆ ಕೂಡಿಸುವಾಗ ಇನ್ನೊಂದು h ಸೇರಿ h⁵ ಆಗುತ್ತದೆ. ಯಾವ ಘನವನ್ನೂ ನಾಲ್ಕು ಬಾರಿ ಅವಕಲಿಸಿದರೆ ಸೊನ್ನೆ, ದೋಷವೂ ಸೊನ್ನೆ.

ಮೂರರ ಬದಲು ನಾಲ್ಕು ಬಿಂದುಗಳನ್ನು ತೆಗೆದುಕೊಂಡು ಘನವನ್ನೇ ನೇರವಾಗಿ ಹಾಯಿಸುವ 'ತ್ರೀ ಎಯ್ಟ್ ರೂಲ್' ಕೂಡ ಇದೆ. ದೋಷ ಸ್ವಲ್ಪ ಚಿಕ್ಕದಾಗುತ್ತದೆ ನಿಜ, ಆದರೆ ಅದೂ ನಿಖರವಾಗಿರುವುದು ಘನದವರೆಗೆ ಮಾತ್ರ. ನನ್ನ ಮಟ್ಟಿಗೆ ಆ ನಾಲ್ಕನೇ ಬಿಂದು ಅಷ್ಟೇನೂ ಲಾಭದ ವ್ಯಾಪಾರವಲ್ಲ.

x⁴ಗೆ ಬಂದಾಗ ಸಿಂಪ್ಸನ್ ಎಡವುತ್ತದೆ. ಎತ್ತರಗಳು 0, 1, 16, ಉತ್ತರ 6.6667. ನಿಜವಾದದ್ದು 6.4. x⁴ನ ನಾಲ್ಕನೇ ಅವಕಲನ ಎಲ್ಲೆಡೆಯೂ 24, h ಇಲ್ಲಿ 1. ಸೂತ್ರ ಹೇಳುವುದು −24/90, ಅಂದರೆ −0.2667. ತಪ್ಪು ಬಂದಿರುವುದೂ ಅಷ್ಟೇ. ಅಗಲವನ್ನು ಎರಡು ಪಾಲು ಮಾಡಿ ಒಂದೊಂದಕ್ಕೂ ನಿಯಮ ಹಚ್ಚಿದರೆ 6.4167 ಸಿಗುತ್ತದೆ. ಒಂದು ಪಾಲಿನ ತಪ್ಪು 32ರಲ್ಲಿ ಒಂದಕ್ಕೆ ಇಳಿಯಿತು, ಆದರೆ ಪಾಲುಗಳು ಎರಡಾದವು. ಒಟ್ಟು ತಪ್ಪು 16ರಲ್ಲಿ ಒಂದಾಯಿತು. ನಿಜವಾದ ಉತ್ತರ ಗೊತ್ತಿಲ್ಲದಾಗಲೂ ಇದು ಕೆಲಸಕ್ಕೆ ಬರುತ್ತದೆ. ಎರಡು ಉತ್ತರಗಳ ವ್ಯತ್ಯಾಸ 0.25 ಅನ್ನು 15ರಿಂದ ಭಾಗಿಸಿದರೆ 0.0167, ಎರಡನೇ ಉತ್ತರದಲ್ಲಿ ಉಳಿದಿರುವ ತಪ್ಪು ಅದೇ.

ಆದರೆ ಈ 16ರ ಲೆಕ್ಕವನ್ನು ಕುರುಡಾಗಿ ನಂಬಬಾರದು. √x ಅನ್ನು 0ಯಿಂದ 1ರವರೆಗೆ ಅಳೆದು ನೋಡಿ. ನಿಜವಾದ ಉತ್ತರ 2/3. ಮೂರು ಬಿಂದುಗಳಿಂದ 0.6381, ಐದರಿಂದ 0.6565. ತಪ್ಪು 0.0286ರಿಂದ 0.0101ಕ್ಕೆ ಇಳಿಯಿತು, ಮೂರು ಪಟ್ಟೂ ಕಡಿಮೆಯಾಗಲಿಲ್ಲ. ಕಾರಣ ಸೊನ್ನೆಯ ಹತ್ತಿರ ಇದೆ: ಅಲ್ಲಿ √x ನೆಟ್ಟಗೆ ಮೇಲೇಳುತ್ತದೆ, ಅದರ ನಾಲ್ಕನೇ ಅವಕಲನಕ್ಕೆ ಮಿತಿಯೇ ಇಲ್ಲ. ಹಾಗಾಗಿ ದೋಷದ ಸೂತ್ರ ಇಲ್ಲಿ ಯಾವ ಭರವಸೆಯನ್ನೂ ಕೊಡದು. ಪಾಲುಗಳನ್ನು ಇಮ್ಮಡಿ ಮಾಡುತ್ತ ಹೋಗಿ, ತಪ್ಪು ಹದಿನಾರರ ಸುಮಾರಿಗೆ ಇಳಿಯದಿದ್ದರೆ, ರೇಖೆಯಲ್ಲಿ ಎಲ್ಲೋ ಇಂಥ ಜಾಗವಿದೆ ಎಂದು ಅನುಮಾನಿಸಬೇಕು. ಆಗ ಬಿಂದುಗಳನ್ನು ಹೆಚ್ಚಿಸುವುದಕ್ಕಿಂತ ಚರವನ್ನು ಬದಲಿಸುವುದು ಮೇಲು. x = t² ಎಂದು ಹಾಕಿ, √x ಹೋಗಿ 2t² ಬರುತ್ತದೆ, ಮಿತಿಗಳು 0 ಮತ್ತು 1 ಆಗಿಯೇ ಉಳಿಯುತ್ತವೆ. ಎತ್ತರಗಳು 0, 0.5, 2. ಲೆಕ್ಕ (1/6) × (0 + 2 + 2): ಸರಿಯಾಗಿ 2/3.