ಭಾನುವಾರ ಸಂಜೆ ಐದು ಇಪ್ಪತ್ತರ ಕಾಗದ

ಎರಡು ವರ್ಷದ ಹಿಂದೆ, ಯುಗಾದಿಯ ಸಂಜೆ, ಹೋಳಿಗೆ ಉಂಡು ಮನೆಯವರೆಲ್ಲ ಹರಟೆಗೆ ಕೂತಿದ್ದಾಗ ನಾನು ನನಗೇ ಒಂದು ಇಮೇಲ್ ಬರೆದೆ. ಅದು ಆವತ್ತೇ ಬರಬಾರದು, ಜುಲೈ ತಿಂಗಳ ಒಂದು ಸೋಮವಾರ ಬರಬೇಕು ಎಂದು ದಿನ ಗೊತ್ತು ಮಾಡಿಟ್ಟೆ. ಮಳೆಗಾಲದಲ್ಲಿ ನನಗೆ ಕೈಕಾಲು ಆಡುವುದಿಲ್ಲ. ಆಗ ನನ್ನದೇ ಮಾತು ನನ್ನನ್ನು ಎಬ್ಬಿಸಲಿ ಎಂಬ ಲೆಕ್ಕ. ‘ನೀನು ಗಟ್ಟಿಗಿತ್ತಿ. ಎಲ್ಲವನ್ನೂ ನಿಭಾಯಿಸಬಲ್ಲೆ. ಬೆಳಿಗ್ಗೆ ಐದಕ್ಕೆ ಎದ್ದು ನಡೆಯೋಕೆ ಹೋಗು, ಬಾಕಿ ಉಳಿದ ಕೆಲಸವನ್ನೆಲ್ಲ ಒಂದೇ ವಾರದಲ್ಲಿ ಮುಗಿಸು!’ ಹೀಗೆ ಎಂಟು ಹತ್ತು ಸಾಲು, ನಾಲ್ಕು ಆಶ್ಚರ್ಯಸೂಚಕ ಚಿಹ್ನೆ.

ಜುಲೈ ಬಂತು, ಕಾಗದವೂ ಬಂತು. ಹೊದಿಕೆಯೊಳಗಿನಿಂದಲೇ ಓದಿದೆ. ಸಿಟ್ಟು ಬಂತು. ಯಾರೋ ಮದುವೆಮನೆಯಲ್ಲಿ ನಿಂತು ಸೂತಕದ ಮನೆಗೆ ಫೋನ್ ಮಾಡಿ ‘ಹೆಂಗಿದ್ದೀರಿ, ಆರಾಮಾ?’ ಎಂದು ಕೇಳಿದ ಹಾಗಿತ್ತು. ಅಳಿಸಿ ಹಾಕಿ ಮತ್ತೆ ಮಗ್ಗುಲಾದೆ.

ಆ ಕಾಗದ ಯಾಕೆ ಕೆಟ್ಟಿತು ಎಂಬುದಕ್ಕೆ ಮನಶ್ಶಾಸ್ತ್ರದಲ್ಲಿ ಒಳ್ಳೆಯ ವಿವರಣೆಗಳೇ ಇವೆ. ಅಮೆರಿಕದ ಜಾರ್ಜ್ ಲೋವೆನ್‌ಸ್ಟೈನ್ ಎಂಬ ವಿದ್ವಾಂಸರು ಬಹಳ ಕಾಲ ಒಂದು ವಿಷಯದ ಬೆನ್ನು ಹತ್ತಿದ್ದರು. ಒಂದು ಸ್ಥಿತಿಯಲ್ಲಿರುವ ಮನುಷ್ಯ ಇನ್ನೊಂದು ಸ್ಥಿತಿಯಲ್ಲಿ ತಾನು ಹೇಗಿರುತ್ತೇನೆ ಎಂಬುದನ್ನು ಸರಿಯಾಗಿ ಊಹಿಸಲಾರ ಎಂಬುದು ಅವರ ಮಾತು. ಹೊಟ್ಟೆ ತುಂಬಿದವನಿಗೆ ಹಸಿದವನ ಸಂಕಟ ತಿಳಿಯದು ಎಂದು ನಾವು ಅನ್ನುತ್ತೇವಲ್ಲ, ಅದು ಪಕ್ಕದ ಮನೆಯವನ ಹಸಿವಿಗೆ ಮಾತ್ರವಲ್ಲ, ನಮ್ಮದೇ ನಾಳೆಯ ಹಸಿವಿಗೂ ಅನ್ವಯಿಸುತ್ತದೆ. ಹೋಳಿಗೆ ಉಂಡ ನಾನು ಜುಲೈ ತಿಂಗಳ ನನಗೆ ಬೆಳಿಗ್ಗೆ ಐದಕ್ಕೆ ಏಳು ಎಂದು ಬರೆದದ್ದು ಈ ಕುರುಡಿನಿಂದಲೇ.

ಹೊಗಳಿಕೆಯ ಕತೆ ಇನ್ನೊಂದು. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಜೋಆನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ‘ನಾನು ಪ್ರೀತಿಗೆ ಅರ್ಹ ವ್ಯಕ್ತಿ’ ಎಂಬರ್ಥದ ವಾಕ್ಯವನ್ನು ಕೆಲವರಿಗೆ ಮತ್ತೆ ಮತ್ತೆ ಹೇಳಿಕೊಳ್ಳಲು ಕೊಟ್ಟರು. ತಮ್ಮ ಬಗ್ಗೆ ಮೊದಲೇ ಒಳ್ಳೆಯ ಭಾವನೆ ಇದ್ದವರಿಗೆ ಅದರಿಂದ ಅಷ್ಟಿಷ್ಟು ಹಿತವಾಯಿತು. ತಮ್ಮ ಬಗ್ಗೆ ಕೀಳರಿಮೆ ಇದ್ದವರಿಗೆ ಇನ್ನಷ್ಟು ಬೇಸರವಾಯಿತು. ಯಾರಿಗೆ ಆ ಮಾತು ಬೇಕಿತ್ತೋ ಅವರಿಗೇ ಅದು ತಿರುಗಿ ಬಡಿಯಿತು. ‘ನೀನು ಗಟ್ಟಿಗಿತ್ತಿ’ ಎಂದರೆ ಕುಗ್ಗಿದ ಮನಸ್ಸು ಸುಮ್ಮನಿರುವುದಿಲ್ಲ, ‘ಎಲ್ಲಿ ತೋರಿಸು’ ಎಂದು ವಾದಕ್ಕೆ ನಿಲ್ಲುತ್ತದೆ. ವಾದದಲ್ಲಿ ಆವತ್ತು ಅದೇ ಗೆಲ್ಲುವುದು.

ಹಾಗಾದರೆ ಏನು ಬರೆಯಬೇಕು? ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಮಾರ್ಕ್ ವಿಲಿಯಮ್ಸ್ 1986ರಲ್ಲಿ ಶುರುಮಾಡಿದ ಕೆಲಸದಲ್ಲಿ ಇದಕ್ಕೆ ಸುಳಿವಿದೆ. ‘ಖುಷಿ’ ಎಂಬ ಪದ ಕೊಟ್ಟು, ಅದಕ್ಕೆ ಸಂಬಂಧಪಟ್ಟ ಒಂದು ನಿರ್ದಿಷ್ಟ ಘಟನೆ ಹೇಳಿ ಎಂದರೆ ಸಾಮಾನ್ಯವಾಗಿ ಜನ ‘ಹೋದ ದೀಪಾವಳಿಗೆ ಅಣ್ಣ ಹೇಳದೆ ಕೇಳದೆ ಬಂದುಬಿಟ್ಟ ದಿನ’ ಎಂಬಂಥ ಉತ್ತರ ಕೊಡುತ್ತಾರೆ. ಖಿನ್ನತೆಯಲ್ಲಿರುವವರು ‘ಊರಿಗೆ ಹೋದಾಗ ಖುಷಿಯಾಗುತ್ತೆ’ ಎಂದು ಮೇಲುಮೇಲಿನ ಮಾತಿಗೆ ನಿಲ್ಲುತ್ತಾರೆ. ಘಟನೆ ನಡೆದೇ ಇಲ್ಲವೆಂದಲ್ಲ. ಆ ಹೊತ್ತಿಗೆ ಅದು ಕೈಗೆ ಸಿಗುವುದಿಲ್ಲ, ಅಟ್ಟದ ಮೇಲಿಟ್ಟ ಪಾತ್ರೆಯ ಹಾಗೆ. ನಮ್ಮಂಥ ಸಾಧಾರಣ ಬೇಸರದವರಿಗೂ ಇದರ ಒಂದು ಚಿಕ್ಕ ರೂಪ ಗೊತ್ತು. ಮಂಕು ಕವಿದ ದಿನ ‘ನಾನು ಈ ವರ್ಷ ಏನೂ ಮಾಡಲಿಲ್ಲ’ ಎಂಬುದು ನಿಜವೆಂದೇ ತೋರುತ್ತದೆ.

ಚೆನ್ನಾಗಿರುವ ದಿನ ಕೂತು ಬರೆಯುವ ಕಾಗದಕ್ಕೆ ಬೆಲೆ ಬರುವುದು ಇಲ್ಲಿಯೇ. ಉತ್ಸಾಹವನ್ನು ಡಬ್ಬಿಗೆ ತುಂಬಿ ಕಳಿಸಲು ಬರುವುದಿಲ್ಲ. ದಾಖಲೆಯನ್ನು ಕಳಿಸಬಹುದು. ಅಟ್ಟದ ಪಾತ್ರೆಯನ್ನು ಕೈಗೆಟುಕುವ ಗೂಡಿಗೆ ಇಳಿಸಿಡಬಹುದು.

ನನ್ನ ಎರಡನೆಯ ಕಾಗದ ಹೀಗಿತ್ತು. ನಾನು ಪುಸ್ತಕಗಳ ಕರಡು ತಿದ್ದುವವಳು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅರ್ಥವಾಗದು.

‘ಪುಟ್ಟೀ, ಇದನ್ನ ಬರೀತಿರೋದು ಮಂಗಳವಾರ ಬೆಳಿಗ್ಗೆ, ಅಡುಗೆಮನೆ ಕಟ್ಟೆ ಮೇಲೆ ಕೂತು. ಕಾಫಿ ಈಗ ತಾನೇ ಮುಗೀತು. ನೀನು ಓದೋ ಹೊತ್ತಿಗೆ ಭಾನುವಾರ ಸಂಜೆ, ಮಂಚದ ಮೇಲೆ ಬಿದ್ದಿರ್ತೀಯ. ಪರವಾಗಿಲ್ಲ. ಆ ಶಾಸನಗಳ ಪುಸ್ತಕ ನೆನಪಿದೆಯಾ, 312 ಪುಟದ್ದು? ನಲವತ್ತನೇ ಪುಟದಲ್ಲಿ ನನ್ನಿಂದಾಗಲ್ಲ ಅಂತ ತಂಗಿಗೆ ಫೋನ್ ಮಾಡಿ ಅತ್ತಿದ್ದೆ. ಆಮೇಲೆ ಹನ್ನೊಂದು ದಿನಕ್ಕೆ ಮುಗಿಸಿ ಕೊಟ್ಟೆ. ಅನುಬಂಧದಲ್ಲಿ ಒಂದು ಶಕವರ್ಷ ತಪ್ಪಾಗಿದ್ದನ್ನ ಹಿಡಿದವಳು ನೀನೇ, ಮೂರು ಜನ ನೋಡಿದ್ರೂ ಅವರಿಗೆ ಕಂಡಿರಲಿಲ್ಲ. ಈಗ ಎದ್ದು ಒಲೆ ಮೇಲೆ ನೀರಿಡು. ಅದು ಕುದಿಯೋ ತನಕ ಬಾಗಿಲ ಹೊರಗೆ ನಿಂತಿರು. ಅಷ್ಟೇ ಕೆಲಸ. ತಂಗಿ ಆರೂವರೆ ಮೇಲೆ ಬಿಡುವಾಗಿರ್ತಾಳೆ.’

ಇದರಲ್ಲಿ ಹೊಗಳಿಕೆ ಇಲ್ಲ ಎನ್ನುವುದನ್ನು ಗಮನಿಸಿ. ಶಕವರ್ಷ ಹಿಡಿದದ್ದು ನಡೆದ ಸಂಗತಿ, ಅದರ ಜೊತೆ ಮನಸ್ಸು ವಾದ ಮಾಡಲಾರದು. ಅತ್ತದ್ದನ್ನೂ ಬರೆದಿದ್ದೇನೆ. ಬರೀ ಗೆಲುವನ್ನು ಬರೆದಿದ್ದರೆ ಅದು ಬೇರೆ ಯಾರದೋ ಕತೆಯಾಗುತ್ತಿತ್ತು. ಅತ್ತವಳೇ ಮುಗಿಸಿದ್ದು ಎಂದರೆ ಮಂಚದ ಮೇಲಿರುವವಳಿಗೆ ಗುರುತು ಹತ್ತುತ್ತದೆ. ಕೊನೆಯ ಕೆಲಸವೂ ನೀರಿಡುವಷ್ಟು ಚಿಕ್ಕದು. ಖಿನ್ನತೆಗೆ ಚಿಕಿತ್ಸೆ ಕೊಡುವವರು ಬಳಸುವ ಒಂದು ಪದ್ಧತಿಯ ತಳದಲ್ಲಿ ಇದೇ ತತ್ತ್ವವಿದೆ. ಮನಸ್ಸಾದ ಮೇಲೆ ಕೆಲಸ ಎಂದು ಕಾಯಬೇಡಿ, ತೀರಾ ಚಿಕ್ಕದೊಂದು ಕೆಲಸಕ್ಕೆ ಕೈಹಾಕಿ, ಮನಸ್ಸು ಹಿಂದೆ ಬರಲಿ ಎಂಬುದು ಅದರ ಸಾರ. ಕಾಗದದಲ್ಲಿ ಎರಡನೆಯ ಕೆಲಸ ಸೇರಿತೆಂದರೆ ಕೆಟ್ಟಿತು. ಅದು ಧೈರ್ಯದ ಮಾತಾಗದೆ ಬಾಕಿಪಟ್ಟಿಯಾಗುತ್ತದೆ.

‘ಪುಟ್ಟಿ’ ಎನ್ನುವುದು ಅಮ್ಮ ನನ್ನನ್ನು ಕರೆಯುತ್ತಿದ್ದ ಹೆಸರು. ತನ್ನ ಕಷ್ಟವನ್ನು ‘ನಾನು’ ಎಂದು ಯೋಚಿಸುವುದಕ್ಕಿಂತ ತನ್ನ ಹೆಸರು ಹಿಡಿದು ‘ನೀನು’ ಎಂದು ಮಾತಾಡಿಕೊಂಡರೆ ಭಾವನೆಯಿಂದ ಒಂದಿಷ್ಟು ದೂರ ಸಿಗುತ್ತದೆ ಎಂದು ಈಥನ್ ಕ್ರಾಸ್ ಮತ್ತು ಸಂಗಡಿಗರ 2014ರ ಪ್ರಯೋಗಗಳು ತೋರಿಸಿವೆ. ಒಬ್ಬ ಸ್ನೇಹಿತರು ತಮಗೆ ತಾವೇ ‘ನೀವು’ ಎಂದು ಬರೆದುಕೊಳ್ಳುತ್ತಾರೆ. ಓದಿದರೆ ಬ್ಯಾಂಕಿನ ನೋಟಿಸು ಬಂದ ಹಾಗಿರುತ್ತದೆ, ಆದರೆ ಅವರಿಗೆ ಅದೇ ಹಿಡಿಸಿದೆಯಂತೆ.

ಯಾವಾಗ ಬರಬೇಕು ಎಂಬುದು ಮುಂದಿನ ಪ್ರಶ್ನೆ. ಬೇಸರದ ದಿನ ಪಂಚಾಂಗದಲ್ಲಿ ಬರೆದಿರುವುದಿಲ್ಲವಲ್ಲ! ಆದರೆ ನಾವು ತಿಳಿದಷ್ಟು ಅದು ಗೊತ್ತುಗುರಿಯಿಲ್ಲದ್ದೂ ಅಲ್ಲ. ನಾನು ಆರು ವಾರ ಕ್ಯಾಲೆಂಡರಿನ ಮನೆಗಳಲ್ಲಿ ದಿನಕ್ಕೊಂದು ಅಂಕ ಬರೆದೆ, ಹತ್ತಕ್ಕೆ ಇಷ್ಟು ಎಂದು. ತೀರಾ ಕುಗ್ಗಿದ ದಿನ ಯಾವ ಹೊತ್ತಿಗೆ ಎಂಬುದನ್ನೂ ಗುರುತು ಮಾಡಿದೆ. ಮಳೆಯೇ ಕಾರಣ ಎಂದು ನಂಬಿದ್ದೆನಲ್ಲ, ಅದು ಸುಳ್ಳಾಯಿತು. ಮೂರಕ್ಕಿಂತ ಕಡಿಮೆ ಬಿದ್ದ ದಿನಗಳಲ್ಲಿ ಹೆಚ್ಚಿನವು ಭಾನುವಾರದ ಸಂಜೆಗಳು. ಉಳಿದವು ದೊಡ್ಡ ಪುಸ್ತಕವೊಂದನ್ನು ಮುಗಿಸಿ ಕೊಟ್ಟ ಮಾರನೆಯ ದಿನ. ಕೆಲಸ ಮುಗಿದ ದಿನ ಹಗುರಾಗುತ್ತೇನೆ ಎಂದುಕೊಂಡಿದ್ದೆ, ಅಂಕಗಳು ಬೇರೆ ಹೇಳಿದವು. ರಾತ್ರಿಪಾಳಿ ಮಾಡುವವರಿಗೆ ಪಾಳಿ ಬದಲಾದ ದಿನ, ಹೆಂಗಸರಿಗೆ ಮುಟ್ಟಿನ ಹಿಂದಿನ ದಿನಗಳು, ಕೆಲವರಿಗೆ ತಿಂಗಳ ಕೊನೆಯ ವಾರ ಹೀಗಿರಬಹುದು. ಬರೆದಿಟ್ಟು ನೋಡಿದರೆ ಮಾತ್ರ ತಿಳಿಯುತ್ತದೆ.

ಕಳಿಸುವುದು ಸುಲಭ. ಜೀಮೇಲ್‌ನಲ್ಲಿ 2019ರ ಏಪ್ರಿಲ್‌ನಿಂದ ಈ ಸೌಲಭ್ಯವಿದೆ. ನಿಮ್ಮದೇ ವಿಳಾಸಕ್ಕೆ ಪತ್ರ ಬರೆದು, ಮೊಬೈಲಿನಲ್ಲಾದರೆ ಮೇಲ್ಗಡೆಯ ಮೂರು ಚುಕ್ಕಿ ಒತ್ತಿ `Schedule send` ಆರಿಸಿ ದಿನ, ಹೊತ್ತು ಗೊತ್ತು ಮಾಡಿದರೆ ಮುಗಿಯಿತು. ಕಂಪ್ಯೂಟರಿನಲ್ಲಿ ಅದು ಕಳಿಸುವ ಗುಂಡಿಯ ಪಕ್ಕದ ಬಾಣದಲ್ಲಿದೆ. ಆ ಹೊತ್ತಿಗೆ ನಿಮ್ಮ ಫೋನು ಆಫ್ ಆಗಿದ್ದರೂ ಪತ್ರ ಹೊರಡುತ್ತದೆ. ಒಮ್ಮೆಗೆ ನೂರು ಪತ್ರಗಳವರೆಗೆ ಕಾಯಿಸಿಡಬಹುದು. ದಯವಿಟ್ಟು ಹಾಗೆ ಮಾಡಬೇಡಿ. ನಾನು ಉತ್ಸಾಹದಲ್ಲಿ ಒಂದೇ ಪತ್ರವನ್ನು ಎಂಟು ಭಾನುವಾರಕ್ಕೆ ಹಾಕಿಟ್ಟು, ಮೂರನೆಯ ವಾರದಿಂದ ತೆರೆಯದೆಯೇ ಬದಿಗೆ ಸರಿಸತೊಡಗಿದೆ. ಈಗ ತಿಂಗಳಿಗೆ ಎರಡು, ಪ್ರತಿಯೊಂದರಲ್ಲೂ ಬೇರೆ ಘಟನೆ.

ವಿಷಯದ ಸಾಲಿನಲ್ಲಿ ಗುಟ್ಟು ಬರೆಯಬಾರದು ಎಂಬುದನ್ನೂ ಪೆಟ್ಟು ತಿಂದೇ ಕಲಿತೆ. ಫೋನಿನ ಪರದೆಯ ಮೇಲೆ ‘ಅಳಬೇಡ ಪುಟ್ಟಿ’ ಎಂದು ಮೂಡಿದಾಗ ಅದು ನಾದಿನಿಯ ಕೈಯಲ್ಲಿತ್ತು. ಈಗ ವಿಷಯದ ಜಾಗದಲ್ಲಿ ‘ಶಾಸನ, ಪುಟ 40’ ಎಂದಷ್ಟೇ ಇರುತ್ತದೆ. ಮನೆಯಲ್ಲಿ ಸಾವೋ ಕಾಯಿಲೆಯೋ ಬಂದರೆ ಮೊದಲು `Scheduled` ಎಂಬ ಪಟ್ಟಿ ತೆರೆದು ಕಾಯುತ್ತಿರುವ ಪತ್ರಗಳನ್ನು ರದ್ದು ಮಾಡಬೇಕು. ಅವು ಅಳಿದುಹೋಗುವುದಿಲ್ಲ, ಕರಡುಗಳ ಜಾಗಕ್ಕೆ ಮರಳುತ್ತವೆ. ಹಿಂದಿನ ತಿಂಗಳ ನಗು ಅಂಥ ಹೊತ್ತಿನಲ್ಲಿ ಬಂದರೆ ಸಹಿಸುವುದು ಕಷ್ಟ.

ಇದರಿಂದ ಎಷ್ಟು ಉಪಯೋಗ ಎಂದು ಕೇಳಿದರೆ, ನನ್ನ ಕ್ಯಾಲೆಂಡರಿನಲ್ಲಿ ಕಾಗದ ಬಂದ ಭಾನುವಾರಗಳ ಅಂಕ ಎರಡಿದ್ದದ್ದು ಮೂರೂವರೆ, ನಾಲ್ಕಕ್ಕೆ ಏರಿದೆ. ಏಳು ಎಂಟಕ್ಕೆ ಎಂದೂ ಹೋಗಿಲ್ಲ. ಕಾಫಿ ಕುಡಿದು ತಂಗಿಯ ಜೊತೆ ಹತ್ತು ನಿಮಿಷ ಮಾತಾಡುವಷ್ಟು ಜೀವ ಬರುತ್ತದೆ. ಕಾಗದದ ಶಕ್ತಿ ಇಷ್ಟೇ.

ಅದಕ್ಕೇ ಇನ್ನೊಂದು ಮಾತು. ಎರಡು ವಾರ ಬಿಡದೆ ಮನಸ್ಸು ಕುಗ್ಗಿದ್ದರೆ, ನಿದ್ದೆ ಊಟ ಏರುಪೇರಾಗಿದ್ದರೆ, ಇಷ್ಟದ ಕೆಲಸವೂ ಬೇಡವೆನಿಸಿದರೆ ಅದು ಭಾನುವಾರದ ಬೇಸರವಲ್ಲ, ವೈದ್ಯರಿಗೆ ತೋರಿಸಬೇಕಾದದ್ದು. ಬದುಕೇ ಬೇಡ ಎನ್ನಿಸಿದರಂತೂ ಎರಡು ವಾರ ಕಾಯಬಾರದು, ಆ ಗಳಿಗೆಯಲ್ಲೇ ಇನ್ನೊಬ್ಬ ಮನುಷ್ಯನ ದನಿ ಕೇಳಬೇಕು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರುಮಾಡಿದ ಟೆಲಿ ಮಾನಸ್ ಸಹಾಯವಾಣಿಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ, ದಿನದ ಇಪ್ಪತ್ತನಾಲ್ಕು ಗಂಟೆಯೂ ಇರುತ್ತದೆ. ನಾನು ನನಗೆ ಬರೆದುಕೊಳ್ಳುವ ಪ್ರತಿ ಕಾಗದದ ಕೆಳಗೂ, ತಂಗಿಯ ನಂಬರಿನ ಪಕ್ಕದಲ್ಲಿ, ಆ ನಂಬರನ್ನೂ ಹಾಕುತ್ತೇನೆ: 14416.